ಕಾರಣ ಉಳಿಯಲಿ, ಆಪಾದನೆ ಹೋಗಲಿ: ಗ್ರಾಹಕರನ್ನು ದೂರುವ ತಾಂತ್ರಿಕ ಉತ್ತರವನ್ನು ತಿದ್ದುವ ಕ್ರಮ

ಉಡುಪಿ ಮತ್ತು ಮಂಗಳೂರು ಭಾಗದ ಫೈಬರ್ ಇಂಟರ್ನೆಟ್ ಸಂಸ್ಥೆಗಳಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ತಾಂತ್ರಿಕ ವಿಭಾಗದವರು ಬರೆದುಕೊಡುವ ಕರಡಿನಲ್ಲಿ ಹಂತಗಳು ಸರಿಯಾಗಿರುತ್ತವೆ, ಆದರೆ ಓದಿದವರಿಗೆ ಬೈಸಿಕೊಂಡಂತಾಗುತ್ತದೆ. ಅದನ್ನು ಮೃದುಗೊಳಿಸಲು ಹೊರಟರೆ ಎಚ್ಚರಿಕೆಗಳು ಸಡಿಲವಾಗಿ, ಹಂತಗಳು ಅಸ್ಪಷ್ಟವಾಗಿ, ಗ್ರಾಹಕರು ಮರುದಿನ ಅದೇ ದೂರಿನೊಂದಿಗೆ ಮರಳುತ್ತಾರೆ. ಈ ಎರಡೂ ಆಗದಂತೆ ತಿದ್ದುವುದು ಹೇಗೆ ಎಂಬುದನ್ನು ಒಂದೇ ಒಂದು ದೂರನ್ನು ಆರಿಸಿಕೊಂಡು ಕೊನೆಯವರೆಗೆ ನೋಡೋಣ. ದೂರು ಮತ್ತು ಕರಡು ಎರಡನ್ನೂ ಈ ಲೇಖನಕ್ಕಾಗಿ ಹೆಣೆದಿದ್ದೇನೆ. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಇಂಥದೊಂದು ಪತ್ರ ನಿಮ್ಮ ಮೇಜಿಗೂ ಬಂದೇ ಬರುತ್ತದೆ.

ಕಾಪುವಿನ ಗ್ರಾಹಕರೊಬ್ಬರು ಹೀಗೆ ಬರೆಯುತ್ತಾರೆ ಎಂದುಕೊಳ್ಳಿ:

"ನಿನ್ನೆ ರಾತ್ರಿ ಗುಡುಗು ಮಳೆ ಬಂದು ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೂ ನೆಟ್ ಬರಲಿಲ್ಲ, ಮೋಡೆಮ್‌ನಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಬೆಳಿಗ್ಗೆಯೂ ಹಾಗೆಯೇ ಇದ್ದುದರಿಂದ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಮಾಡಿದೆ. ಮಧ್ಯಾಹ್ನ ಕೆಂಪು ದೀಪ ಹೋಯಿತು. ಆದರೆ ವೈಫೈ ಹೆಸರು ಬದಲಾಗಿದೆ, ನೆಟ್ ಇನ್ನೂ ಇಲ್ಲ. ನಾಳೆ ಮಗಳಿಗೆ ಆನ್‌ಲೈನ್ ಪರೀಕ್ಷೆ ಇದೆ."

ತಾಂತ್ರಿಕ ವಿಭಾಗದ ಕರಡು ಹೀಗಿದೆ:

"ನೀವೇ ರೀಸೆಟ್ ಮಾಡಿದ್ದರಿಂದ ಇಂಟರ್ನೆಟ್ ಹೋಗಿದೆ. ನಮ್ಮ ಕಡೆ ಯಾವ ದೋಷವೂ ಇಲ್ಲ. ರೀಸೆಟ್ ಮಾಡಬಾರದೆಂದು ಸಂಪರ್ಕ ಕೊಡುವಾಗಲೇ ಹೇಳಲಾಗಿತ್ತು. ಈಗಲಾದರೂ ದೀಪಗಳನ್ನು ಸರಿಯಾಗಿ ನೋಡಿ. LOS ಕೆಂಪಾಗಿದ್ದರೆ ಅಲ್ಲಿಗೇ ನಿಲ್ಲಿಸಿ. PON ಹಸಿರಾಗಿ ಸ್ಥಿರವಾಗಿದ್ದರೆ 192.168.1.1 ತೆರೆದು WAN ಪುಟದಲ್ಲಿ PPPoE ಯೂಸರ್‌ನೇಮ್, ಪಾಸ್‌ವರ್ಡ್ ಮತ್ತೆ ಹಾಕಿ. ಇನ್ನು ಮುಂದೆ ಗೊತ್ತಿಲ್ಲದೆ ಯಾವ ಗುಂಡಿಯನ್ನೂ ಒತ್ತಬೇಡಿ."

ತಿದ್ದಲು ಕುಳಿತುಕೊಳ್ಳುವ ಮೊದಲು ನಿಮ್ಮ ಬಳಿ ಮೂರು ಸಂಗತಿಗಳಿರಬೇಕು: ಗ್ರಾಹಕರು ಬರೆದ ಮೂಲ ಪತ್ರ (ಅದರ ಸಾರಾಂಶವಲ್ಲ), ಆ ಮನೆಯಲ್ಲಿರುವ ಮೋಡೆಮ್‌ನ ಮಾದರಿ, ಮತ್ತು ಆ ಸಂಪರ್ಕ ಯಾವಾಗ ಕಡಿದುಹೋಯಿತು ಎಂಬ ನಿಮ್ಮ ಜಾಲದ ದಾಖಲೆ. ಮೂರನೆಯದು ಇಲ್ಲದೆ ಭಾಷೆಯನ್ನು ತಿದ್ದಿದರೆ ತಪ್ಪು ಮಾಹಿತಿಯನ್ನೇ ನಯವಾಗಿ ಹೇಳಿದಂತಾಗುತ್ತದೆ.

ಹಂತ 1: ಕರಡಿನ ಪಾರಿಭಾಷಿಕ ಪದಗಳನ್ನು ನೀವು ಮೊದಲು ಅರ್ಥಮಾಡಿಕೊಳ್ಳಿ

ಅರ್ಥವಾಗದ ಪದವಿರುವ ವಾಕ್ಯವನ್ನು ಮೃದುಗೊಳಿಸಲು ಹೋದಾಗಲೇ ಹಂತಗಳು ಕೆಡುವುದು. ನಮ್ಮ ಉದಾಹರಣೆಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಜನರು ಮೋಡೆಮ್ ಎಂದು ಕರೆಯುವ ಪೆಟ್ಟಿಗೆ ಫೈಬರ್‌ನಲ್ಲಿ ಬರುವ ಬೆಳಕಿನ ಸಂಕೇತವನ್ನು ಇಂಟರ್ನೆಟ್ ಸಂಪರ್ಕವಾಗಿ ಪರಿವರ್ತಿಸುತ್ತದೆ. LOS ಎಂಬ ದೀಪ ಕೆಂಪಾದರೆ ಆ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ ಎಂದರ್ಥ. PON ಎಂಬ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಪೆಟ್ಟಿಗೆಯು ಸಂಸ್ಥೆಯ ಕೇಂದ್ರ ಯಂತ್ರದೊಂದಿಗೆ ಜೋಡಣೆಯಾಗಿದೆ, ಮಿನುಗುತ್ತಿದ್ದರೆ ಜೋಡಣೆಗೆ ಇನ್ನೂ ಪ್ರಯತ್ನಿಸುತ್ತಿದೆ. PPPoE ಎಂದರೆ ಈ ಸಂಪರ್ಕ ಯಾವ ಗ್ರಾಹಕರದ್ದು ಎಂದು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಮೂಲಕ ಗುರುತಿಸುವ ವ್ಯವಸ್ಥೆ. ಇದು ವೈಫೈ ಪಾಸ್‌ವರ್ಡ್‌ಗಿಂತ ಬೇರೆ. 192.168.1.1 ಎಂಬುದು ಪೆಟ್ಟಿಗೆಯ ಸೆಟ್ಟಿಂಗ್ ಪುಟದ ವಿಳಾಸ, ಅದರೊಳಗಿನ WAN ಪುಟದಲ್ಲಿ ಈ ವಿವರವನ್ನು ತುಂಬುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದುದು ರೀಸ್ಟಾರ್ಟ್ ಮತ್ತು ರೀಸೆಟ್ ನಡುವಿನ ವ್ಯತ್ಯಾಸ. ಸ್ವಿಚ್ ಆರಿಸಿ ಮತ್ತೆ ಹಾಕುವುದು ರೀಸ್ಟಾರ್ಟ್, ಅದರಿಂದ ಉಳಿಸಿದ ಯಾವ ವಿವರವೂ ಹೋಗುವುದಿಲ್ಲ. ಸಣ್ಣ ತೂತಿನೊಳಗಿನ RESET ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯುವುದು ರೀಸೆಟ್, ಅದು ಪೆಟ್ಟಿಗೆಯನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುತ್ತದೆ. ದೂರವಾಣಿಯಲ್ಲಿ ನಮ್ಮ ಸಿಬ್ಬಂದಿಯೇ "ಒಮ್ಮೆ ರೀಸೆಟ್ ಮಾಡಿ ನೋಡಿ" ಎಂದು ರೀಸ್ಟಾರ್ಟ್ ಎಂಬ ಅರ್ಥದಲ್ಲಿ ಹೇಳುವುದುಂಟು. ಆದ್ದರಿಂದ ಗ್ರಾಹಕರು ಪಿನ್ ಹಾಕಿದ್ದನ್ನು ಅಜ್ಞಾನವೆಂದು ಬಗೆಯುವ ಮೊದಲು, ಆ ಪದವನ್ನು ಅವರಿಗೆ ಕಲಿಸಿದವರು ಯಾರು ಎಂದು ಯೋಚಿಸಬೇಕು.

ಹಂತ 2: ಘಟನೆಗಳನ್ನು ಕಾಲಕ್ರಮದಲ್ಲಿ ಇಟ್ಟು ಆಪಾದನೆಯನ್ನು ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಗ್ರಾಹಕರ ಪತ್ರದಿಂದ ಘಟನೆಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ: ಕರೆಂಟ್ ಹೋಯಿತು, ಬಂದ ಮೇಲೆ ಕೆಂಪು ದೀಪ, ಬೆಳಿಗ್ಗೆ ರೀಸೆಟ್, ಮಧ್ಯಾಹ್ನ ಕೆಂಪು ದೀಪ ಹೋಯಿತು, ಈಗ ವೈಫೈ ಹೆಸರು ಬೇರೆ ಮತ್ತು ಇಂಟರ್ನೆಟ್ ಇಲ್ಲ.

ಹೀಗೆ ಬರೆದ ಕೂಡಲೇ ಕರಡಿನ ಮೊದಲ ವಾಕ್ಯ ಒರಟು ಮಾತ್ರವಲ್ಲ, ತಪ್ಪೂ ಹೌದು ಎಂಬುದು ಕಾಣುತ್ತದೆ. ರೀಸೆಟ್ ಆಗುವುದಕ್ಕೆ ಮೊದಲೇ, ಹಿಂದಿನ ರಾತ್ರಿಯೇ, ಇಂಟರ್ನೆಟ್ ಹೋಗಿತ್ತು. ಇಲ್ಲಿರುವುದು ಒಂದಲ್ಲ, ಎರಡು ತೊಂದರೆಗಳು. ಮೊದಲನೆಯದು ರಾತ್ರಿಯ ಕೆಂಪು ದೀಪ. ಅದು LOS ಆಗಿದ್ದರೆ ರೀಸೆಟ್ ಅದನ್ನು ತರಲೂ ಇಲ್ಲ, ಸರಿಪಡಿಸಲೂ ಇಲ್ಲ. ಎರಡನೆಯದು ಈಗಿನ ಸ್ಥಿತಿ. ಅದಕ್ಕೆ ರೀಸೆಟ್ ಕಾರಣ ಎಂದು ವೈಫೈ ಹೆಸರು ಬದಲಾಗಿರುವುದೇ ಸೂಚಿಸುತ್ತದೆ. ಎರಡನ್ನೂ ಗ್ರಾಹಕರ ತಲೆಗೆ ಕಟ್ಟಿದರೆ ಮೊದಲನೆಯ ತೊಂದರೆಯನ್ನು ಯಾರೂ ಪರಿಶೀಲಿಸುವುದಿಲ್ಲ, ಮತ್ತು ಮುಂದಿನ ಮಳೆಗೆ ಅದು ಮರಳಿ ಬರಬಹುದು.

"ಆಗಿದ್ದರೆ" ಎಂದು ಬರೆದುದಕ್ಕೆ ಕಾರಣವಿದೆ. ಗ್ರಾಹಕರು ಕೆಂಪು ದೀಪ ಎಂದಿದ್ದಾರೆಯೇ ಹೊರತು LOS ಎಂದಿಲ್ಲ. ಕೆಲವು ಮಾದರಿಗಳಲ್ಲಿ INTERNET ದೀಪವೂ ಕೆಂಪಾಗುತ್ತದೆ. ಇದನ್ನು ಊಹಿಸದೆ ಜಾಲದ ದಾಖಲೆ ನೋಡಿ. ಪೆಟ್ಟಿಗೆಗೆ ಕರೆಂಟ್ ತಪ್ಪಿದಾಗ ಅದು ಆರುವ ಮುನ್ನ ಕೇಂದ್ರ ಯಂತ್ರಕ್ಕೆ ಕೊನೆಯ ಸಂದೇಶವೊಂದನ್ನು ಕಳುಹಿಸುತ್ತದೆ, ಅದು ದಾಖಲೆಯಲ್ಲಿ `dying-gasp` ಎಂದು ಕಾಣುತ್ತದೆ. ಫೈಬರ್‌ನ ಬೆಳಕು ತಪ್ಪಿದ್ದರೆ LOS ಎಂದು ಕಾಣುತ್ತದೆ. ಜೊತೆಗೆ, ಒಂದು ಫೈಬರ್ ಎಳೆಯನ್ನು ಕವಲೊಡೆಸಿ ಹಲವು ಮನೆಗಳಿಗೆ, ಸಾಮಾನ್ಯವಾಗಿ 32 ಅಥವಾ 64 ಮನೆಗಳವರೆಗೆ, ಹಂಚಿರುತ್ತಾರೆ. ಅದೇ ಕವಲಿನ ಇತರ ಮನೆಗಳೂ ಅದೇ ಹೊತ್ತಿಗೆ `dying-gasp` ಇಲ್ಲದೆ ಕಡಿದುಹೋಗಿದ್ದರೆ ದೋಷ ಹಂಚಿಕೆಯ ಮಾರ್ಗದಲ್ಲಿತ್ತು ಎಂದು ತಿಳಿಯಬಹುದು: ತೆಂಗಿನ ಗರಿ ಬಿದ್ದು ಕೇಬಲ್ ಜಗ್ಗಿರಬಹುದು, ಕೇಂದ್ರ ಯಂತ್ರಕ್ಕೇ ಕರೆಂಟ್ ಇಲ್ಲದಿದ್ದಿರಬಹುದು. ಹಾಗಿದ್ದಲ್ಲಿ "ನಮ್ಮ ಕಡೆ ಯಾವ ದೋಷವೂ ಇಲ್ಲ" ಎಂಬ ವಾಕ್ಯ ಸುಳ್ಳಾಗುತ್ತದೆ. ದಾಖಲೆ ನೋಡದೆ ಈ ವಾಕ್ಯವನ್ನು ಯಾವ ಉತ್ತರದಲ್ಲೂ ಉಳಿಸಬೇಡಿ.

ನಮ್ಮ ಉದಾಹರಣೆಯಲ್ಲಿ ದಾಖಲೆಯು ರಾತ್ರಿಯಿಂದ ಮಧ್ಯಾಹ್ನದವರೆಗೆ LOS ಎಂದೂ, ಪಕ್ಕದ ಮನೆಗಳಿಗೂ ಹಾಗೆಯೇ ಆಗಿತ್ತೆಂದೂ, ಈಗ ಪೆಟ್ಟಿಗೆ ಜೋಡಣೆಯಾಗಿದೆ ಎಂದೂ ತೋರಿಸಿತು ಎಂದುಕೊಳ್ಳೋಣ.

ಹಂತ 3: ಬದಲಾಗಬಾರದ ಸಂಗತಿಗಳನ್ನು ಪ್ರತ್ಯೇಕ ಹಾಳೆಗೆ ಇಳಿಸಿ

ಭಾಷೆಗೆ ಕೈಹಚ್ಚುವ ಮೊದಲು ಕರಡಿನ ತಾಂತ್ರಿಕ ತಿರುಳನ್ನು ಸಣ್ಣ ವಾಕ್ಯಗಳಲ್ಲಿ ಬರೆದಿಟ್ಟುಕೊಳ್ಳಿ, ಮತ್ತು ಅದನ್ನು ಕರಡು ಬರೆದ ತಂತ್ರಜ್ಞರಿಗೆ ತೋರಿಸಿ. ನಮ್ಮ ಹಾಳೆಯಲ್ಲಿ ಇಷ್ಟಿರುತ್ತದೆ: ಮೊದಲು ದೀಪ ನೋಡಬೇಕು, LOS ಕೆಂಪಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು, PON ಹಸಿರಾಗಿ ಸ್ಥಿರವಾಗಿದ್ದರೆ ಮಾತ್ರ ಮುಂದುವರಿಯಬೇಕು, ವಿಳಾಸ 192.168.1.1, PPPoE ವಿವರ ತುಂಬಬೇಕು, RESET ಒತ್ತಬಾರದು.

ತಂತ್ರಜ್ಞರಿಗೆ ತೋರಿಸಿದಾಗ ಸಾಮಾನ್ಯವಾಗಿ ಬಿಟ್ಟುಹೋದ ಅಂಶಗಳು ಹೊರಬರುತ್ತವೆ, ಏಕೆಂದರೆ ಸಿಟ್ಟಿನಲ್ಲಿ ಬರೆದ ಉತ್ತರ ಬಹುತೇಕ ಅಪೂರ್ಣವಾಗಿರುತ್ತದೆ. ಈ ಕರಡಿನಲ್ಲಿ ಎರಡು ಬಿಟ್ಟುಹೋಗಿವೆ. ಒಂದು, ಹಲವು ಜಾಲಗಳಲ್ಲಿ PPPoE ವಿವರದೊಂದಿಗೆ VLAN ID ಎಂಬ ಸಂಖ್ಯೆಯನ್ನೂ ತುಂಬಬೇಕಾಗುತ್ತದೆ. ಒಂದೇ ಕೇಬಲ್‌ನಲ್ಲಿ ಸಾಗುವ ಬೇರೆ ಬೇರೆ ಸೇವೆಗಳನ್ನು ಪ್ರತ್ಯೇಕಿಸುವ ಆ ಸಂಖ್ಯೆ ತಪ್ಪಿದರೆ PON ಹಸಿರಾಗಿದ್ದರೂ ಇಂಟರ್ನೆಟ್ ಬರುವುದಿಲ್ಲ. ಇನ್ನೊಂದು, ಗ್ರಾಹಕರು ಫೋನಿನಲ್ಲಿ ವಿಳಾಸ ತೆರೆಯುವಾಗ ಆಗುವ ಎಡವಟ್ಟು. ಮೋಡೆಮ್‌ನ ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಫೋನು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹೊರಳುತ್ತದೆ, ಆಗ 192.168.1.1 ತೆರೆಯುವುದೇ ಇಲ್ಲ. ಮೊಬೈಲ್ ಡೇಟಾ ಆಫ್ ಮಾಡಿ ಎಂಬ ಒಂದು ಮಾತು ಇಲ್ಲದಿದ್ದರೆ ಎಷ್ಟೇ ವಿನಯದಿಂದ ಬರೆದ ಉತ್ತರವೂ ಗ್ರಾಹಕರನ್ನು ಅಲ್ಲಿಯೇ ನಿಲ್ಲಿಸುತ್ತದೆ, ಮತ್ತು ತಪ್ಪು ತನ್ನದೇ ಎಂದು ಅವರು ಮತ್ತೊಮ್ಮೆ ಭಾವಿಸುತ್ತಾರೆ.

ರೀಸೆಟ್ ಆದ ಪೆಟ್ಟಿಗೆಗೆ ಸಂಸ್ಥೆಯೇ ದೂರದಿಂದ ವಿವರ ತುಂಬುವ ವ್ಯವಸ್ಥೆ ನಿಮ್ಮಲ್ಲಿದೆಯೇ ಎಂದೂ ಈ ಹಂತದಲ್ಲೇ ಕೇಳಿ. ಇದ್ದರೆ ಗ್ರಾಹಕರಿಂದ ಈ ಕೆಲಸವನ್ನು ಮಾಡಿಸಲೇಬಾರದು.

ಹಂತ 4: ಆಪಾದನೆ ಎಲ್ಲಿ ಅಡಗಿದೆ ಎಂದು ಗುರುತು ಮಾಡಿ

ಈಗ ಕರಡಿಗೆ ಮರಳಿ, ಪೆನ್ಸಿಲ್ ಹಿಡಿದು ಓದಿ. ಕನ್ನಡದಲ್ಲಿ ಆಪಾದನೆಯು ಬೈಗುಳದ ಪದಗಳಲ್ಲಿ ಇರುವುದು ಕಡಿಮೆ. ಅದು ಸಣ್ಣ ಪ್ರತ್ಯಯಗಳಲ್ಲಿ, ಕ್ರಿಯಾಪದದ ರೂಪಗಳಲ್ಲಿ ಕುಳಿತಿರುತ್ತದೆ. "ನೀವೇ" ಎಂಬುದರ ಕೊನೆಯ ಏಕಾರ, "ಕೊಡುವಾಗಲೇ" ಎಂಬುದರ ಏಕಾರ, "ಈಗಲಾದರೂ" ಎಂಬುದರ ಆದರೂ, ಈ ಮೂರನ್ನು ತೆಗೆದರೆ ವಾಕ್ಯದ ಮಾಹಿತಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. "ಸರಿಯಾಗಿ ನೋಡಿ" ಎಂದರೆ ಇಷ್ಟರವರೆಗೆ ಸರಿಯಾಗಿ ನೋಡಿಲ್ಲ ಎಂದಾಯಿತು. "ಗೊತ್ತಿಲ್ಲದೆ" ಎಂದರೆ ನಿಮಗೆ ಗೊತ್ತಿಲ್ಲ ಎಂದಾಯಿತು. "ಹೇಳಲಾಗಿತ್ತು" ಎಂಬಂಥ ಭೂತಕಾಲದ ಜ್ಞಾಪನೆಗಳು, "ಓದಿದ್ದರೆ ಹೀಗಾಗುತ್ತಿರಲಿಲ್ಲ" ಎಂಬಂಥ ವಾಕ್ಯಗಳು ಇಂದು ಮಾಡಬೇಕಾದ ಕೆಲಸಕ್ಕೆ ಏನನ್ನೂ ಸೇರಿಸುವುದಿಲ್ಲ.

ಪರೀಕ್ಷೆ ಸರಳವಾಗಿದೆ. ಗುರುತು ಮಾಡಿದ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ. ಹಂತ 3ರ ಹಾಳೆಯ ಯಾವ ಸಂಗತಿಯೂ ಮರೆಯಾಗದಿದ್ದರೆ ಆ ಭಾಗವನ್ನು ಹೊಡೆದುಹಾಕಿ. ಸಂಗತಿಯೊಂದು ಅದರೊಂದಿಗೆ ಮರೆಯಾದರೆ ಹೊಡೆದುಹಾಕಬೇಡಿ, ಹೊಸದಾಗಿ ಬರೆಯಿರಿ.

ಹಂತ 5: ಕಾರಣದ ವಾಕ್ಯವನ್ನು ಹೊಸದಾಗಿ ಬರೆಯಿರಿ

ಇಡೀ ಕೆಲಸದಲ್ಲಿ ಕಠಿಣವಾದ ವಾಕ್ಯ ಇದೊಂದೇ. ರೀಸೆಟ್‌ನಿಂದ ವಿವರಗಳು ಅಳಿಸಿಹೋದದ್ದು ನಿಜ, ಮತ್ತು ಆ ಗುಂಡಿಯನ್ನು ಒತ್ತಿದವರು ಗ್ರಾಹಕರು ಎಂಬುದೂ ನಿಜ. ಮನಸ್ಸು ನೋಯಿಸಬಾರದೆಂದು ಈ ಕಾರಣವನ್ನೇ ಬಿಟ್ಟು "ಕೆಲವು ತಾಂತ್ರಿಕ ಕಾರಣಗಳಿಂದ" ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. ಕಾರಣ ತಿಳಿಯದ ಗ್ರಾಹಕರು ಮುಂದಿನ ಸಲ ಕೆಂಪು ದೀಪ ಕಂಡಾಗ ಮತ್ತೆ ಪಿನ್ ಹುಡುಕುತ್ತಾರೆ.

ಮಾಡಬೇಕಾದುದು ಇಷ್ಟು: ವಾಕ್ಯದ ಕರ್ತೃಸ್ಥಾನದಲ್ಲಿ ಗ್ರಾಹಕರ ಬದಲು ಯಂತ್ರವನ್ನಾಗಲಿ ವಿವರವನ್ನಾಗಲಿ ಇಡಿ, ಮತ್ತು ಒಂದು ದಿನದ ಘಟನೆಯ ಬದಲು ಯಂತ್ರದ ಸ್ವಭಾವವನ್ನು ಹೇಳಿ. "ನೀವೇ ರೀಸೆಟ್ ಮಾಡಿದ್ದರಿಂದ ಇಂಟರ್ನೆಟ್ ಹೋಗಿದೆ" ಎಂಬುದು "ರೀಸೆಟ್ ಮಾಡಿದಾಗ ಮೋಡೆಮ್‌ನಲ್ಲಿ ಉಳಿಸಿದ್ದ PPPoE ವಿವರ ಅಳಿಸಿಹೋಗುತ್ತದೆ" ಎಂದಾಗುತ್ತದೆ. ಅಳಿಸು ಎಂದರೆ ಯಾರೋ ಅಳಿಸಬೇಕು, ಅಳಿಸಿಹೋಗು ಎಂದರೆ ಕ್ರಿಯೆ ತಾನಾಗಿ ನಡೆಯುತ್ತದೆ. ಕನ್ನಡದ ಈ ಸೌಲಭ್ಯವನ್ನು ಇಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು.

ಆದರೆ ಈ ಉಪಾಯವನ್ನು ಕಾರಣದ ವಾಕ್ಯಕ್ಕಷ್ಟೇ ಸೀಮಿತಗೊಳಿಸಿ. ಮಾಡಬೇಕಾದ ಹಂತಗಳಿಗೂ ಇದನ್ನೇ ಹಚ್ಚಿ "ವಿವರವನ್ನು ತುಂಬಲಾಗಬೇಕು", "ದೀಪವನ್ನು ಗಮನಿಸಬಹುದು" ಎಂದೆಲ್ಲ ಬರೆದರೆ ಯಾರು ತುಂಬಬೇಕು, ನೋಡುವುದು ಕಡ್ಡಾಯವೇ ಐಚ್ಛಿಕವೇ ಎಂಬುದು ತಿಳಿಯದಂತಾಗುತ್ತದೆ. ಹಂತಗಳಲ್ಲಿ "ನೋಡಿ", "ತುಂಬಿ", "ಉಳಿಸಿ" ಎಂಬ ನೇರ ಕ್ರಿಯಾಪದಗಳೇ ಇರಲಿ. ಬಹುವಚನದ ಆ ರೂಪದಲ್ಲಿ ಗೌರವ ಆಗಲೇ ಇದೆ. ಎಚ್ಚರಿಕೆಗೂ ಇದೇ ಮಾತು ಅನ್ವಯಿಸುತ್ತದೆ. "ಸಾಧ್ಯವಾದರೆ ರೀಸೆಟ್ ಮಾಡದಿರುವುದು ಒಳಿತು" ಎಂದು ಬರೆಯಬೇಡಿ. "RESET ಗುಂಡಿಯನ್ನು ಒತ್ತಬೇಡಿ" ಎಂದು ಬರೆದು, ಏಕೆಂದು ಒಂದು ವಾಕ್ಯದಲ್ಲಿ ಹೇಳಿ, ಅದರ ಬದಲು ಏನು ಮಾಡಬೇಕೆಂದು ತಿಳಿಸಿ.

ಹಂತ 6: ಪೂರ್ಣ ಉತ್ತರವನ್ನು ಜೋಡಿಸಿ

ನಮ್ಮ ಭಾಗದಲ್ಲಿ ಅನೇಕ ಮನೆಗಳ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡದ ಉತ್ತರವನ್ನು ಮಕ್ಕಳು ಓದಿ ಮನೆಮಾತಿನಲ್ಲಿ ಹಿರಿಯರಿಗೆ ಹೇಳುತ್ತಾರೆ, ಹಿರಿಯರು ಮೋಡೆಮ್‌ನ ಮುಂದೆ ನಿಂತು ಮಾಡುತ್ತಾರೆ. ಆದ್ದರಿಂದ ಒಂದು ಅಂಕಿಯ ಕೆಳಗೆ ಒಂದೇ ಕೆಲಸವಿರಲಿ. ಷರತ್ತು ಇದ್ದರೆ ಅದು ಕೆಲಸಕ್ಕಿಂತ ಮೊದಲು ಬರಲಿ.

"ಮಾನ್ಯರೇ,

ನಿನ್ನೆ ರಾತ್ರಿಯಿಂದ ಇಂಟರ್ನೆಟ್ ಇಲ್ಲದೆ ತೊಂದರೆಯಾಗಿರುವುದು ನಿಮ್ಮ ಪತ್ರದಿಂದ ತಿಳಿಯಿತು. ನಮ್ಮ ಮಾರ್ಗದಲ್ಲಿ ಆದ ದೋಷಕ್ಕೆ ಕ್ಷಮೆ ಇರಲಿ. ನಾಳೆ ಮಗಳ ಪರೀಕ್ಷೆ ಇರುವುದರಿಂದ ಇಂದು ಸಂಜೆಯೇ ಮಾಡಬಹುದಾದ ಕ್ರಮವನ್ನು ಕೆಳಗೆ ಕೊಟ್ಟಿದ್ದೇವೆ.

ಇಲ್ಲಿ ಎರಡು ತೊಂದರೆಗಳಿದ್ದವು. ರಾತ್ರಿಯಿಂದ ಮಧ್ಯಾಹ್ನದವರೆಗೆ ನಿಮ್ಮ ಭಾಗದ ಫೈಬರ್ ಮಾರ್ಗದಲ್ಲಿ ಸಂಕೇತ ಇರಲಿಲ್ಲ ಎಂದು ನಮ್ಮ ದಾಖಲೆ ತೋರಿಸುತ್ತದೆ. ಕೆಂಪು ದೀಪಕ್ಕೆ ಅದು ಕಾರಣ, ಈಗ ಅದು ಸರಿಯಾಗಿದೆ. ಎರಡನೆಯದಾಗಿ, ರೀಸೆಟ್ ಮಾಡಿದಾಗ ಮೋಡೆಮ್‌ನಲ್ಲಿ ಉಳಿಸಿದ್ದ ಸಂಪರ್ಕದ ವಿವರ ಅಳಿಸಿಹೋಗುತ್ತದೆ ಮತ್ತು ವೈಫೈ ಹೆಸರು ಕಾರ್ಖಾನೆಯಲ್ಲಿ ಇಟ್ಟ ಹೆಸರಿಗೆ ಮರಳುತ್ತದೆ. ಆ ವಿವರವನ್ನು ಮತ್ತೆ ತುಂಬಬೇಕು.

1. ಮೋಡೆಮ್‌ನ ದೀಪಗಳನ್ನು ನೋಡಿ. LOS ಕೆಂಪಾಗಿದ್ದರೆ ಇಲ್ಲಿಯೇ ನಿಲ್ಲಿಸಿ ನಮಗೆ ಕರೆ ಮಾಡಿ. PON ಹಸಿರಾಗಿ ಸ್ಥಿರವಾಗಿದ್ದರೆ ಮುಂದುವರಿಯಿರಿ.
2. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ.
3. ಮೋಡೆಮ್‌ನ ಕೆಳಗಿನ ಚೀಟಿಯಲ್ಲಿರುವ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಬಳಸಿ ಫೋನನ್ನು ಜೋಡಿಸಿ. 'ಇಂಟರ್ನೆಟ್ ಇಲ್ಲ' ಎಂದು ಕಂಡರೂ ಜೋಡಣೆ ಬಿಡಿಸಬೇಡಿ.
4. ಬ್ರೌಸರ್‌ನಲ್ಲಿ 192.168.1.1 ತೆರೆದು, ಅದೇ ಚೀಟಿಯಲ್ಲಿರುವ ಲಾಗಿನ್ ವಿವರದಿಂದ ಒಳಗೆ ಹೋಗಿ.
5. WAN ಪುಟದಲ್ಲಿ PPPoE ಆರಿಸಿ, ಸಂಪರ್ಕ ಪತ್ರದಲ್ಲಿರುವ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು VLAN ID ತುಂಬಿ ಉಳಿಸಿ.
6. ಎರಡು ಮೂರು ನಿಮಿಷ ಕಾದು, INTERNET ದೀಪ ಹಸಿರಾಗಿದೆಯೇ ನೋಡಿ.

ಸಂಪರ್ಕ ಪತ್ರ ಕೈಗೆ ಸಿಗದಿದ್ದರೆ ಅಥವಾ 4ನೆಯ ಹಂತದಲ್ಲಿ ಪುಟ ತೆರೆಯದಿದ್ದರೆ ಕರೆ ಮಾಡಿ, ನಾವು ಜೊತೆಯಲ್ಲಿದ್ದು ಮಾಡಿಸುತ್ತೇವೆ.

ಮುಂದೆ ಕೆಂಪು ದೀಪ ಕಂಡರೆ ಸ್ವಿಚ್ ಆರಿಸಿ ಅರ್ಧ ನಿಮಿಷದ ಬಳಿಕ ಹಾಕಿ. ಐದು ನಿಮಿಷದಲ್ಲಿ ದೀಪ ಹೋಗದಿದ್ದರೆ ಕರೆ ಮಾಡಿ. RESET ಗುಂಡಿಯನ್ನು ಒತ್ತಬೇಡಿ, ಅದರಿಂದ ಈ ವಿವರಗಳು ಮತ್ತೆ ಅಳಿಸಿಹೋಗುತ್ತವೆ. ಹಸಿರು ತುದಿಯ ಫೈಬರ್ ಕೇಬಲನ್ನು ಕಳಚಬೇಡಿ ಮತ್ತು ಅದರ ತುದಿಯೊಳಗೆ ಇಣುಕಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಹುದು."

ಕ್ಷಮೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ದಾಖಲೆಯಲ್ಲಿ ಮಾರ್ಗದೋಷ ಖಚಿತವಾಗಿದ್ದರೆ ಮೊದಲ ಪ್ಯಾರಾದಲ್ಲಿ ಒಮ್ಮೆ ಕ್ಷಮೆ ಕೇಳಬಹುದು, ಕೇಳಲೂಬೇಕು. ಆದರೆ ರೀಸೆಟ್‌ನಿಂದ ಆದುದಕ್ಕೂ ಸೇರಿಸಿ ಎಲ್ಲದಕ್ಕೂ ಕ್ಷಮೆ ಕೇಳಿದರೆ ಕಾರಣ ಮತ್ತೆ ಮಸುಕಾಗುತ್ತದೆ. ಕ್ಷಮೆಯನ್ನು ಹಂತಗಳ ನಡುವೆ ತುರುಕುವುದಂತೂ ಬೇಡ.

ಹಂತ 7: ಹಾಳೆಯೊಂದಿಗೆ ತಾಳೆ ನೋಡಿ

ಹಂತ 3ರ ಹಾಳೆಯನ್ನು ಮತ್ತೆ ತೆಗೆದು, ಪ್ರತಿಯೊಂದು ಸಂಗತಿಯ ಎದುರು ಹೊಸ ಉತ್ತರದಲ್ಲಿ ಅದು ಬಂದಿರುವ ಹಂತದ ಅಂಕಿಯನ್ನು ಬರೆಯಿರಿ. ಅಂಕಿ ಇಲ್ಲದ ಸಂಗತಿ ತಿದ್ದುವಾಗ ಕಳೆದುಹೋಗಿದೆ. ಅಂಕಿಗಳು ಅನುಕ್ರಮ ತಪ್ಪಿದ್ದರೆ ಕ್ರಮ ಕೆಟ್ಟಿದೆ. ಹೆಚ್ಚಾಗಿ ಕೆಡುವುದು ನಿಲ್ಲಬೇಕಾದ ಜಾಗ. "LOS ಕೆಂಪಾಗಿದ್ದರೆ ಇಲ್ಲಿಯೇ ನಿಲ್ಲಿಸಿ" ಎಂಬುದು ಕೇಳಲು ಬಿರುಸಾಗಿದೆ ಎಂದು ತೆಗೆದುಹಾಕಿದರೆ, ಬೆಳಕೇ ಇಲ್ಲದ ಪೆಟ್ಟಿಗೆಗೆ ಗ್ರಾಹಕರು ಗಂಟೆಗಟ್ಟಲೆ ಪಾಸ್‌ವರ್ಡ್ ತುಂಬುತ್ತ ಕೂರಬೇಕಾಗುತ್ತದೆ.

ದೀಪಗಳ ಹೆಸರು, ವಿಳಾಸ, ಪುಟದ ಹೆಸರು ಇವುಗಳು ಆ ಮಾದರಿಯ ಪೆಟ್ಟಿಗೆಯಲ್ಲಿ ಇರುವಂತೆಯೇ ಇವೆಯೇ ಎಂದೂ ನೋಡಿ. ಕೆಲವು ಮಾದರಿಗಳ ವಿಳಾಸ 192.168.0.1 ಆಗಿರುತ್ತದೆ, ಕೆಲವುಗಳಲ್ಲಿ WAN ಪುಟವು Network ಎಂಬ ಪಟ್ಟಿಯೊಳಗೆ ಇರುತ್ತದೆ. PPPoE ಪಾಸ್‌ವರ್ಡನ್ನು ಈ ಉತ್ತರದೊಳಗೆ ಬರೆಯಬೇಡಿ, ಗ್ರಾಹಕರ ಗುರುತು ಖಚಿತಪಡಿಸಿಕೊಂಡು ಕರೆಯಲ್ಲಿ ತಿಳಿಸಿ.

ಇಷ್ಟು ಶ್ರಮಪಟ್ಟು ತಿದ್ದಿದ ಉತ್ತರವನ್ನು ಸಿದ್ಧಪ್ರತಿಯಾಗಿ ಉಳಿಸಿಕೊಳ್ಳುವುದು ಸಹಜ. ಉಳಿಸುವಾಗ ಅಂಕಿ ಹಾಕಿದ ಹಂತಗಳನ್ನೂ ಕೊನೆಯ ಎಚ್ಚರಿಕೆಗಳನ್ನೂ ಮಾದರಿಯ ಹೆಸರಿನೊಂದಿಗೆ ಮಾತ್ರ ಉಳಿಸಿ, "ಇಲ್ಲಿ ಎರಡು ತೊಂದರೆಗಳಿದ್ದವು" ಎಂಬ ಪ್ಯಾರಾವನ್ನು ಖಾಲಿ ಬಿಡಿ. ಅದನ್ನು ಪ್ರತಿ ದೂರಿಗೂ ಆ ಮನೆಯ ಕಾಲಕ್ರಮ ಮತ್ತು ಆ ದಿನದ ದಾಖಲೆ ನೋಡಿಯೇ ತುಂಬಬೇಕು. ಬೇರೆ ಮನೆಯ ಕಾರಣ ಅಲ್ಲಿ ಉಳಿದುಬಿಟ್ಟರೆ, ರೀಸೆಟ್ ಮುಟ್ಟಿಯೇ ಇರದ ಗ್ರಾಹಕರಿಗೆ ರೀಸೆಟ್‌ನಿಂದ ಹೀಗಾಯಿತು ಎಂಬ ಉತ್ತರ ಹೋಗುತ್ತದೆ.